ಮೆಣಸಿನಕಾಯಿ 18, ಫಂಡ್ 11: ಯಾವುದು ಜಾಸ್ತಿ?

ಬಳ್ಳಾರಿ ಕಡೆ ಒಣ ಮೆಣಸಿನಕಾಯಿ ಮೇಲೆ ದುಡ್ಡು ಹಾಕುವವರು ಬರೀ ರೈತರಲ್ಲ. ಸುಗ್ಗಿಯಲ್ಲಿ ರೇಟು ಇಳಿದಾಗ ಕೊಂಡು, ಕೋಲ್ಡ್ ಸ್ಟೋರೇಜ್‌ನಲ್ಲಿ ಚೀಲ ಇಟ್ಟು, ಬ್ಯಾಡಗಿಯಲ್ಲೋ ಗುಂಟೂರಿನಲ್ಲೋ ರೇಟು ಏರಿದಾಗ ಮಾರುವವರೂ ಇದ್ದಾರೆ. ಅಂಥವರು ಒಬ್ಬರು, "ನಂಗೆ ವರ್ಷಕ್ಕೆ ಸರಾಸರಿ 18 ಪರ್ಸೆಂಟ್ ಸಿಕ್ಕಿದೆ, ನಿನ್ನ ಮ್ಯೂಚುವಲ್ ಫಂಡ್‌ನಲ್ಲಿ 11 ತಾನೇ?" ಎಂದು ಕೇಳಿದರೆ ಏನು ಹೇಳುತ್ತೀರಿ? 18 ದೊಡ್ಡದು, ಮಾತು ಮುಗೀತು ಅನ್ನಿಸುತ್ತದೆ ಅಲ್ವಾ?

ಮುಗಿಯಲಿಲ್ಲ. ಆ 18ರ ಒಳಗೆ ಏನಿದೆ ಅಂತ ನೋಡಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಕೆಲವು ಅಂಕಿ ಇಟ್ಟುಕೊಳ್ಳುತ್ತೇನೆ. ಮೆಣಸಿನಕಾಯಿಯಲ್ಲಿ 5 ವರ್ಷದ ಲಾಭ ಹೀಗೆ: 45, ಮೈನಸ್ 20, 50, ಮೈನಸ್ 5, 20. ಸರಾಸರಿ 18. ಫಂಡ್‌ನಲ್ಲಿ: 15, 5, 16, 8, 11. ಸರಾಸರಿ 11. ಎರಡನೇ ವರ್ಷ ಮಗಳ ಮದುವೆಗೆ ದುಡ್ಡು ಬೇಕಾಗಿದ್ದರೆ ಮೆಣಸಿನಕಾಯಿಯವರು ನಷ್ಟಕ್ಕೇ ಚೀಲ ಬಿಚ್ಚಬೇಕಿತ್ತು. ಈ ಏರಿಳಿತವನ್ನೂ ಲೆಕ್ಕಕ್ಕೆ ತರುವ ಅಳತೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1966ರಲ್ಲಿ ಮುಂದಿಟ್ಟರು. ಅದಕ್ಕೀಗ ಶಾರ್ಪ್ ಅನುಪಾತ ಎನ್ನುತ್ತಾರೆ. 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಶಾರ್ಪ್ ಒಬ್ಬರು.

ಮೊದಲು, ರಿಸ್ಕ್ ಇಲ್ಲದೆಯೇ ಎಷ್ಟು ಬರುತ್ತಿತ್ತೋ ಅದನ್ನು ಕಳೆಯಬೇಕು. ಪರಿಣತರು ಇದಕ್ಕೆ ಸರ್ಕಾರ ಅಲ್ಪಾವಧಿಗೆ ಸಾಲ ಪಡೆಯುವ ಟ್ರೆಷರಿ ಬಿಲ್‌ನ ಬಡ್ಡಿ ಹಿಡಿಯುತ್ತಾರೆ. ನಾವು ಬ್ಯಾಂಕ್ ಎಫ್‌ಡಿ 7 ಪರ್ಸೆಂಟ್ ಎಂದಿಟ್ಟುಕೊಳ್ಳೋಣ. ಸುಮ್ನೆ ಕೂತಿದ್ದರೂ ಬರುತ್ತಿದ್ದ 7ಕ್ಕೆ ಯಾರ ಜಾಣತನವೂ ಕಾರಣವಲ್ಲ. ಮೆಣಸಿನಕಾಯಿಗೆ ಉಳಿದದ್ದು 11, ಫಂಡ್‌ಗೆ 4.

ಆಮೇಲೆ ಏರಿಳಿತ. ಪ್ರತಿ ವರ್ಷದ ಲಾಭ ಸರಾಸರಿಯಿಂದ ಎಷ್ಟು ದೂರ ಹೋಗಿದೆ ಅಂತ ನೋಡಿ, ಅದನ್ನು ವರ್ಗ ಮಾಡಿ, ಎಲ್ಲ ಕೂಡಿಸಿ 4ರಿಂದ ಭಾಗಿಸಿ (ವರ್ಷಗಳ ಸಂಖ್ಯೆಗಿಂತ ಒಂದು ಕಮ್ಮಿ), ವರ್ಗಮೂಲ ತೆಗೆಯಬೇಕು. ಇದೇ ಸ್ಟ್ಯಾಂಡರ್ಡ್ ಡೀವಿಯೇಷನ್. ಫಂಡ್‌ನಲ್ಲಿ ದೂರಗಳು 4, 6, 5, 3, 0. ವರ್ಗಗಳ ಮೊತ್ತ 86, ಭಾಗಿಸಿದರೆ 21.5, ವರ್ಗಮೂಲ 4.6. ಮೆಣಸಿನಕಾಯಿಗೆ ಇದೇ ಲೆಕ್ಕ ಮಾಡಿದರೆ 30.5 ಬರುತ್ತದೆ.

ಈಗ ಉಳಿದ ಲಾಭವನ್ನು ಏರಿಳಿತದಿಂದ ಭಾಗಿಸಿ. ಇದೇ ಶಾರ್ಪ್ ಅನುಪಾತ: ಮೆಣಸಿನಕಾಯಿಗೆ 0.36, ಫಂಡ್‌ಗೆ 0.86.

ಇದರ ಅರ್ಥ ಪೂರ್ತಿ ಬಿಡಿಸಿಕೊಳ್ಳುವುದು ಹೀಗೆ. ಮೆಣಸಿನಕಾಯಿಯವರು ಪೂರ್ತಿ ದುಡ್ಡು ಅಲ್ಲಿ ಹಾಕುವ ಬದಲು 100ರಲ್ಲಿ 15 ರೂಪಾಯಿ ಮಾತ್ರ ಹಾಕಿ, 85 ರೂಪಾಯಿ ಎಫ್‌ಡಿಯಲ್ಲಿ ಇಟ್ಟರೆ? ಒಟ್ಟು ಏರಿಳಿತ ಸುಮಾರು 4.6ಕ್ಕೆ ಇಳಿಯುತ್ತದೆ, ಅಂದರೆ ಫಂಡ್‌ನಷ್ಟೇ. ಆದರೆ ಲಾಭ 7 ಪ್ಲಸ್ 1.65, ಅಂದರೆ ಸುಮಾರು 8.7. ಅಷ್ಟೇ ಗಾಬರಿಗೆ ಫಂಡ್ 11 ಕೊಡುತ್ತಿದೆ. ಎಫ್‌ಡಿ ಜೊತೆ ಎಷ್ಟು ಬೆರೆಸಿದರೂ ಮೆಣಸಿನಕಾಯಿಯ 0.36 ಮಾತ್ರ ಬದಲಾಗುವುದಿಲ್ಲ. 7ರ ಮೇಲೆ ಉಳಿದ ಲಾಭವೂ ಏರಿಳಿತವೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಹಾಗಾಗಿಯೇ ಈ ಅನುಪಾತ ಎರಡು ಹೂಡಿಕೆಗಳನ್ನು ಒಂದೇ ತಕ್ಕಡಿಯಲ್ಲಿ ಇಡಬಲ್ಲದು. ನನಗೆ ಇದು ಬಹಳ ಇಷ್ಟವಾಗುವ ಭಾಗ.

ಆದರೂ 0.86 ಗೆದ್ದಿತು ಎಂದು ಪಟ್ಟ ಕಟ್ಟುವ ಮುಂಚೆ ತಡೆಯಿರಿ. 5 ವರ್ಷ ತೀರಾ ಕಡಿಮೆ. ಇಷ್ಟೇ ಅಂಕಿಗಳಿಂದ ತೆಗೆದ ಅನುಪಾತ 0.5ರಷ್ಟು ಅತ್ತಿತ್ತ ಆಗುವುದು ಮಾಮೂಲು. ಹಾಗಿದ್ದರೆ 0.36 ಮತ್ತು 0.86ರ ನಡುವಿನ ಅಂತರ ಬರೀ ಅದೃಷ್ಟದ್ದೂ ಇರಬಹುದು. ಫಂಡ್‌ನವರು ಕೊಡುವ ಫ್ಯಾಕ್ಟ್‌ಶೀಟ್‌ನಲ್ಲಿ ಶಾರ್ಪ್ ಅನುಪಾತ ಕಂಡರೆ, ಎಷ್ಟು ವರ್ಷದ ಲೆಕ್ಕ ಅಂತ ಮೊದಲು ನೋಡಿ. ಆ ಅವಧಿಯಲ್ಲಿ ಮಾರುಕಟ್ಟೆ ಒಮ್ಮೆಯಾದರೂ ಜೋರಾಗಿ ಬಿದ್ದಿತ್ತೇ ಅಂತಲೂ ನೋಡಿ. ಬೀಳದೇ ಇದ್ದರೆ ಏರಿಳಿತ ಕಮ್ಮಿ ಕಾಣುತ್ತದೆ, ಅನುಪಾತ ಉಬ್ಬುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. "ತಿಂಗಳಿಗೆ 2 ಪರ್ಸೆಂಟ್, ಒಂದು ತಿಂಗಳೂ ತಪ್ಪಲ್ಲ" ಎನ್ನುವವರು ನಮ್ಮೂರುಗಳಲ್ಲಿ ಆಗಾಗ ಬರುತ್ತಾರೆ. ಅವರ ಏರಿಳಿತ ಸೊನ್ನೆ. ಸೊನ್ನೆಯಿಂದ ಭಾಗಿಸಿದರೆ ಶಾರ್ಪ್ ಅನುಪಾತಕ್ಕೆ ಮಿತಿಯೇ ಇರುವುದಿಲ್ಲ, ಕಾಗದದ ಮೇಲೆ ಅದಕ್ಕಿಂತ ಒಳ್ಳೆಯ ಹೂಡಿಕೆ ಇಲ್ಲ! ಅಮೆರಿಕದಲ್ಲಿ ಬರ್ನಾರ್ಡ್ ಮ್ಯಾಡಾಫ್ ವರ್ಷಗಟ್ಟಲೆ ತೋರಿಸಿದ್ದು ಇಂಥದ್ದೇ ನುಣುಪಾದ ಲಾಭ. 2008ರ ಡಿಸೆಂಬರ್‌ನಲ್ಲಿ ಬಂಧನವಾದಾಗ ಗೊತ್ತಾಯಿತು, ಹೂಡಿಕೆದಾರರಿಗೆ ಕಳಿಸುತ್ತಿದ್ದ ಲೆಕ್ಕವೇ ಸುಳ್ಳು. ಹಳಬರಿಗೆ ಕೊಡುತ್ತಿದ್ದದ್ದು ಹೊಸಬರ ದುಡ್ಡು.

ಅನುಪಾತಕ್ಕೆ ಗೊತ್ತಿರುವುದು ಕಣ್ಣಿಗೆ ಬಿದ್ದ ಏರಿಳಿತ ಮಾತ್ರ. ಬೆಲೆಯನ್ನು ದಿನವೂ ಮಾರುಕಟ್ಟೆ ಹೇಳುತ್ತಿದೆಯೇ, ಇಲ್ಲ ದುಡ್ಡು ತೆಗೆದುಕೊಂಡವರೇ ಬರೆದು ಕೊಡುತ್ತಿದ್ದಾರೆಯೇ? ಊರಾಚೆ ಕೊಂಡ ಸೈಟಿನ ಕಥೆಯೂ ಇದೇ. ಮಾರುವ ದಿನದವರೆಗೆ ಅದರ ರೇಟು ಯಾರೂ ಹೇಳುವುದಿಲ್ಲ, ಆದ್ದರಿಂದ ಅದು ಇಳಿಯುವುದೇ ಇಲ್ಲ ಎಂಬ ಭ್ರಮೆ. ಮೆಣಸಿನಕಾಯಿಗಾದರೆ ಯಾರ್ಡಿನಲ್ಲಿ ದಿನದ ರೇಟು ಇರುತ್ತದೆ. ಅದರ 0.36 ಚಿಕ್ಕದೇ ಇರಬಹುದು, ಆದರೆ ಅದರ ಏರಿಳಿತವನ್ನು ಯಾರೂ ಮುಚ್ಚಿಟ್ಟಿಲ್ಲ.