‘ಮತ್ತೆ ಬಂದ ನೋಡಿ’: ಡ್ಯೂಟಿ ಬದಲಾಗುವಾಗ ಕೈದಾಟುವ ಮಾತು

ರೋಗಿ ಹಾಸಿಗೆಯಲ್ಲೇ ಮಲವಿಸರ್ಜನೆ ಮಾಡಿಕೊಂಡರೆ ನರ್ಸ್‌ಗಳು ಒಬ್ಬರಿಗೊಬ್ಬರು ‘ಕೋಡ್ ಬ್ರೌನ್’ ಎನ್ನುವುದುಂಟು. ಪಕ್ಕದ ಹಾಸಿಗೆಯವರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರನ್ನು ಸಹಾಯಕ್ಕೆ ಕರೆಯಲು ಇದು ಒಳ್ಳೆಯ ಉಪಾಯ. ರೋಗಿಯ ಮಾನ ಉಳಿಯುತ್ತದೆ, ಕೆಲಸವೂ ಬೇಗ ಆಗುತ್ತದೆ. (ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ಮಾತ್ರ ಎಚ್ಚರ: ಅಲ್ಲಿ ಕೋಡ್ ಬ್ರೌನ್ ಎಂದರೆ ಹೊರಗೆ ದೊಡ್ಡ ಅವಘಡವಾಗಿ ಗಾಯಾಳುಗಳು ಬರುತ್ತಿದ್ದಾರೆ ಎಂಬ ಅಧಿಕೃತ ಘೋಷಣೆ.) ಆಸ್ಪತ್ರೆಯ ಒಳಮಾತೆಲ್ಲ ಕೆಟ್ಟದ್ದು ಎನ್ನುವವರು ರಾತ್ರಿ ಪಾಳಿ ಮಾಡಿದವರಲ್ಲ. ನಗು ಅಲ್ಲಿ ತೊಂದರೆಯ ಮೂಲವಲ್ಲ. ರೋಗಿಯನ್ನು ಇನ್ನೂ ನೋಡದ ಒಬ್ಬರಿಗೆ ಆ ಮಾತು ಮಾಹಿತಿಯ ವೇಷದಲ್ಲಿ ತಲುಪಿದಾಗ ತೊಂದರೆ ಶುರುವಾಗುತ್ತದೆ.

‘ಸುಪ್ರಾಟೆಂಟೋರಿಯಲ್’ ಎಂಬ ಪದವನ್ನೇ ತೆಗೆದುಕೊಳ್ಳಿ. ದೊಡ್ಡ ಮಿದುಳನ್ನೂ ಕಿರುಮಿದುಳನ್ನೂ ಬೇರ್ಪಡಿಸುವ ಪೊರೆಗೆ ಟೆಂಟೋರಿಯಂ ಎಂದು ಹೆಸರು. ಅದರ ಮೇಲಿನ ಭಾಗ ಸುಪ್ರಾಟೆಂಟೋರಿಯಲ್. ಸ್ಕ್ಯಾನ್ ವರದಿಯಲ್ಲಿ ಇದು ಜಾಗ ಸೂಚಿಸುವ ಶುದ್ಧ ಪದ. ವಾರ್ಡಿನ ಕಾರಿಡಾರಿನಲ್ಲಿ ಇದೇ ಪದಕ್ಕೆ ‘ಕಾಯಿಲೆ ಏನೂ ಇಲ್ಲ, ಎಲ್ಲ ತಲೆಯೊಳಗಿನ ನಾಟಕ’ ಎಂಬ ಅರ್ಥ. ಪಕ್ಕದಲ್ಲೇ ನಿಂತ ಮನೆಯವರು ಏನೋ ದೊಡ್ಡ ಕಾಯಿಲೆಯ ಹೆಸರು ಎಂದುಕೊಂಡು ತಲೆಯಾಡಿಸುತ್ತಾರೆ. ‘ಫಂಕ್ಷನಲ್’ ಎಂಬ ಪದಕ್ಕೂ ಬಹಳ ಕಡೆ ಇದೇ ಗತಿ ಬಂದಿದೆ.

ಅದು ರೋಗನಿರ್ಣಯವೋ ಬೈಗುಳವೋ ಎಂದು ತಿಳಿಯಲು ದಾರಿಯಿದೆ. ಫಂಕ್ಷನಲ್ ನರರೋಗ ಎಂಬುದು ನಿಜವಾದ ಕಾಯಿಲೆ, ಅದನ್ನು ತೋರಿಸುವ ಲಕ್ಷಣಗಳಿವೆ. ಉದಾಹರಣೆಗೆ ಹೂವರ್ ಪರೀಕ್ಷೆ: ಮಲಗಿದ ರೋಗಿಗೆ ಬಲವಿಲ್ಲದ ಕಾಲನ್ನು ಹಾಸಿಗೆಗೆ ಒತ್ತಲು ಹೇಳಿದರೆ ಒತ್ತಲಾಗುವುದಿಲ್ಲ. ಇನ್ನೊಂದು ಕಾಲನ್ನು ನಮ್ಮ ಕೈಗೆ ಎದುರಾಗಿ ಮೇಲೆತ್ತಲು ಹೇಳಿದಾಗ ಮೊದಲಿನ ಕಾಲು ತಾನಾಗಿ ಬಲವಾಗಿ ಕೆಳಗೆ ಒತ್ತುತ್ತದೆ. ಇಂಥದ್ದೊಂದನ್ನು ಮಾಡಿ ನೋಡಿ, ಕೇಸ್ ಶೀಟಿನಲ್ಲಿ ಬರೆದಿದ್ದರೆ ಅದು ನಿರ್ಣಯ. ‘ಸ್ಕ್ಯಾನ್ ನಾರ್ಮಲ್, ಆದ್ದರಿಂದ ಫಂಕ್ಷನಲ್’ ಎಂದಷ್ಟೇ ಇದ್ದರೆ ಅದು ಕೈತೊಳೆದುಕೊಳ್ಳುವ ಮಾತು. ಮಯಸ್ತೇನಿಯಾ ಗ್ರೇವಿಸ್ ಇರುವವರು ಇದಕ್ಕೆ ಸುಲಭವಾಗಿ ಬಲಿಯಾಗುತ್ತಾರೆ. ಅವರ ಸ್ನಾಯುಗಳು ದುಡಿದಷ್ಟೂ ಸೋಲುತ್ತವೆ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ಹಾಗಾಗಿ ಬೆಳಗಿನ ರೌಂಡ್ಸ್‌ನಲ್ಲಿ ಚೆನ್ನಾಗಿಯೇ ಕಾಣುವವರು ಸಂಜೆ ರೆಪ್ಪೆ ಎತ್ತಲಾರರು. ಒಂದೆರಡು ನಿಮಿಷ ಮೇಲೆ ದಿಟ್ಟಿಸಿ ನೋಡಲು ಹೇಳಿದರೆ ರೆಪ್ಪೆ ಇಳಿಯುತ್ತಾ ಬರುವುದು ಕಾಣುತ್ತದೆ. ಆದರೆ ‘ನಾಟಕ’ ಎಂದು ಕೇಳಿಸಿಕೊಂಡು ಹೋದವರು ಆ ಎರಡು ನಿಮಿಷ ಕೊಡುವುದಿಲ್ಲ.

ಇನ್ನೊಂದು ಪದ ‘ಫ್ರೀಕ್ವೆಂಟ್ ಫ್ಲೈಯರ್’. ವಿಮಾನ ಕಂಪನಿಗಳಿಂದ ಎರವಲು ಪಡೆದದ್ದು, ಎಮರ್ಜೆನ್ಸಿಗೆ ಪದೇಪದೇ ಬರುವವರಿಗೆ ಹೇಳುವುದು. ಇದು ಎಷ್ಟು ಹಾನಿ ಮಾಡಬಲ್ಲದು ಎಂಬುದನ್ನು ಸಿಕಲ್ ಸೆಲ್ ಕಾಯಿಲೆಯವರಲ್ಲಿ ನೋಡಬೇಕು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಬಿಗಿದು, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತ ಹರಿಯದ ಮೂಳೆ ವಿಪರೀತ ನೋಯುತ್ತದೆ. ಈ ನೋವನ್ನು ಹೊರಗಿನಿಂದ ರುಜುವಾತುಪಡಿಸುವ ಪರೀಕ್ಷೆ ಇಲ್ಲ. ನಾಡಿ, ಬಿ.ಪಿ. ಮಾಮೂಲಾಗಿರಬಹುದು. ಹಿಮೋಗ್ಲೋಬಿನ್ ಅವರ ಎಂದಿನ ಮಟ್ಟದಲ್ಲೇ ಇರಬಹುದು. ಚಿಕ್ಕಂದಿನಿಂದ ನೋವಿನ ಜೊತೆ ಬಾಳಿದವರು ಹತ್ತಕ್ಕೆ ಒಂಬತ್ತು ನೋವು ಎನ್ನುತ್ತಲೇ ಫೋನ್ ನೋಡುತ್ತಿರುತ್ತಾರೆ, ಏಕೆಂದರೆ ಗಮನ ಬೇರೆಡೆ ತಿರುಗಿಸುವುದೊಂದೇ ಅವರ ಕೈಯಲ್ಲಿರುವ ಮದ್ದು. ಮೇಲಾಗಿ ಯಾವ ಔಷಧಿ, ಎಷ್ಟು ಡೋಸ್ ಕೊಟ್ಟರೆ ತಮಗೆ ನಾಟುತ್ತದೆ ಎಂದು ಅವರಿಗೆ ಗೊತ್ತು. ಮಧುಮೇಹದವರು ಇನ್ಸುಲಿನ್ ಡೋಸ್ ಹೇಳಿದರೆ ‘ತಿಳಿದವರು’ ಎನ್ನುತ್ತೇವೆ. ಇವರು ಮಾರ್ಫೀನ್ ಡೋಸ್ ಹೇಳಿದರೆ ‘ಚಟ’ ಎನ್ನುತ್ತೇವೆ.

ಅಮೆರಿಕನ್ ಹೆಮಟಾಲಜಿ ಸೊಸೈಟಿಯ 2020ರ ಮಾರ್ಗಸೂಚಿ, ಇಂಥ ನೋವಿನಿಂದ ಬಂದವರಿಗೆ 1 ಗಂಟೆಯೊಳಗೆ ನೋವುನಿವಾರಕ ಕೊಡಬೇಕು, ಆಮೇಲೆ 30ರಿಂದ 60 ನಿಮಿಷಕ್ಕೊಮ್ಮೆ ಮತ್ತೆ ನೋಡಬೇಕು ಎನ್ನುತ್ತದೆ. ಒಳಮಾತು ಮೊದಲು ನುಂಗುವುದು ಈ ‘ಮತ್ತೆ ನೋಡುವ’ ಕೆಲಸವನ್ನೇ. ಸಂಜೆ 8ಕ್ಕೆ ಡ್ಯೂಟಿ ಮುಗಿಸುವವರು ‘3ನೇ ಬೆಡ್, ಸಿಕ್ಲರ್, ನಮ್ಮ ಫ್ರೀಕ್ವೆಂಟ್ ಫ್ಲೈಯರ್, ಇಂಜೆಕ್ಷನ್ ಕೇಳ್ತಾನೇ ಇರ್ತಾನೆ’ ಎಂದು ಒಪ್ಪಿಸಿ ಹೋದರು ಎಂದಿಟ್ಟುಕೊಳ್ಳಿ. ರಾತ್ರಿ 11ಕ್ಕೆ ಆತ ಬೆಲ್ ಒತ್ತುತ್ತಾನೆ. ಕೇಳುವುದು ಇಂಜೆಕ್ಷನ್ ತಾನೇ ಎಂದು ಹೊಸಬರು ಎದ್ದು ಹೋಗುವುದಿಲ್ಲ. ಈ ಸಲ ಹೊಸದಾಗಿ ಎದೆ ನೋಯುತ್ತಿದೆ ಎಂದು ಹೇಳಲು ಆತ ಬೆಲ್ ಒತ್ತಿರಬಹುದು. ಸಿಕಲ್ ಸೆಲ್ ರೋಗಿಗಳಲ್ಲಿ ಅಕ್ಯೂಟ್ ಚೆಸ್ಟ್ ಸಿಂಡ್ರೋಮ್ ಎಂಬ ಪ್ರಾಣಾಂತಿಕ ತೊಡಕು ಎಷ್ಟೋ ಸಲ ಬಾಗಿಲಲ್ಲೇ ಕಾಣಿಸಿಕೊಳ್ಳುವುದಿಲ್ಲ. ಕೈಕಾಲು ಅಥವಾ ಬೆನ್ನು ನೋವೆಂದು ದಾಖಲಾದ ಎರಡು ಮೂರು ದಿನಕ್ಕೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಶುರುವಾಗಿ, ಆಕ್ಸಿಜನ್ ಮಟ್ಟ ಇಳಿದು, ಎಕ್ಸ್-ರೇಯಲ್ಲಿ ಹೊಸ ನೆರಳು ಮೂಡುತ್ತದೆ. ಹಾಗಾಗಿ ಪದೇಪದೇ ಬೆಲ್ ಒತ್ತುವವರ ಬಳಿಗೇ ಪದೇಪದೇ ಹೋಗಬೇಕು.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 28 ವರ್ಷದ ಒಬ್ಬ ಕಾಲ್ಪನಿಕ ಸಿಕಲ್ ಸೆಲ್ ರೋಗಿಯ ಬಗ್ಗೆ ಎರಡು ಟಿಪ್ಪಣಿ ಬರೆದರು. ವೈದ್ಯಕೀಯ ಮಾಹಿತಿ ಎರಡರಲ್ಲೂ ಒಂದೇ, ಬದಲಾದದ್ದು ಧಾಟಿ ಮಾತ್ರ. ಒಂದರಲ್ಲಿ ಆತ ಆಕ್ಸಿಜನ್ ಮಾಸ್ಕ್ ‘ಹಾಕಿಕೊಳ್ಳಲು ಒಪ್ಪುವುದಿಲ್ಲ’, ಇನ್ನೊಂದರಲ್ಲಿ ಆತನಿಗೆ ಮಾಸ್ಕ್ ‘ಸಹಿಸಲಾಗುತ್ತಿಲ್ಲ’. ವೈದ್ಯ ವಿದ್ಯಾರ್ಥಿಗಳು, ರೆಸಿಡೆಂಟ್‌ಗಳು ಸೇರಿ 413 ಮಂದಿ ಓದಿದರು. ಕೆಟ್ಟ ಧಾಟಿಯ ಟಿಪ್ಪಣಿ ಓದಿದವರಿಗೆ ರೋಗಿಯ ಮೇಲೆ ಅಸಮಾಧಾನ ಹೆಚ್ಚಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ, ನೋವಿಗೆ ಅವರು ಆರಿಸಿದ ಚಿಕಿತ್ಸೆಯೂ ಅಷ್ಟು ಬಲವಾಗಿರಲಿಲ್ಲ. ಆ ಟಿಪ್ಪಣಿಯಲ್ಲಿ ಬೈಗುಳ ಎನ್ನಬಹುದಾದ ಪದ ಹುಡುಕಿದರೂ ಸಿಗುವುದು ಕಷ್ಟ ಎಂಬುದನ್ನು ಗಮನಿಸಬೇಕು. ‘ನೋವಿದೆ ಎಂದು ಹೇಳಿಕೊಳ್ಳುತ್ತಾನೆ’ ಎಂಬ ಥರದ ಸಭ್ಯ ವಾಕ್ಯವೂ ಅದೇ ಕೆಲಸ ಮಾಡುತ್ತದೆ.

ಹಾಗಾದರೆ ಪದೇಪದೇ ಬರುತ್ತಾನೆ ಎಂಬ ವಿಷಯವನ್ನೇ ಮುಚ್ಚಿಡಬೇಕೇ? ಖಂಡಿತ ಬೇಡ, ಅದು ಬೇಕಾದ ಮಾಹಿತಿ. ಆದರೆ ಅಡ್ಡಹೆಸರಿನಲ್ಲಿ ಆ ಮಾಹಿತಿ ಇಲ್ಲ, ಅದನ್ನು ಬಿಡಿಸಿ ಹೇಳಬೇಕು. ‘3ನೇ ಬೆಡ್, ಸಿಕಲ್ ಸೆಲ್ ಇರುವವರು. ಮೂರು ತಿಂಗಳಲ್ಲಿ ಐದನೇ ಸಲ ಬಂದಿದ್ದಾರೆ, ಎರಡು ಸಲ ದಾಖಲಾಗಿದ್ದರು. ಪ್ರತಿಸಲ ಬೆನ್ನು, ತೊಡೆ ನೋವು. ಮಾರ್ಫೀನ್ ಕೊನೆಯ ಡೋಸ್ 7.20ಕ್ಕೆ, ನೋವು 9ರಿಂದ 7ಕ್ಕೆ ಇಳಿದಿದೆ. ಆಕ್ಸಿಜನ್ 97. ಎದೆನೋವು, ಜ್ವರ ಇಲ್ಲ, ಬಂದರೆ ತಕ್ಷಣ ಎಕ್ಸ್-ರೇ. 8 ಗಂಟೆಗೆ ಮತ್ತೆ ನೋಡಬೇಕು.’ ಹೇಳಲು ಅರ್ಧ ನಿಮಿಷ ಸಾಕು. ರಾತ್ರಿಯವರು ಏನನ್ನು ಕಾಯಬೇಕು ಎಂಬುದು ಇದರಲ್ಲಿದೆ. ಅಡ್ಡಹೆಸರಿನಲ್ಲಿ ಇದ್ದದ್ದು ಏನನ್ನು ನಂಬಬಾರದು ಎಂಬುದಷ್ಟೇ.

ರೋಗಿಗೆ ಪ್ರಜ್ಞೆ ಇಲ್ಲ ಎಂದು ಹಾಸಿಗೆ ಪಕ್ಕದಲ್ಲೇ ಆಡುವ ಮಾತಿನ ಬಗ್ಗೆ ಉದ್ದಕ್ಕೆ ಹೇಳಬೇಕಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಕೊಲೊನೋಸ್ಕೋಪಿಗೆ ಮಲಗಿದ್ದ ಒಬ್ಬರ ಫೋನ್ ರೆಕಾರ್ಡ್ ಆಗುತ್ತಲೇ ಇತ್ತು. ಅರಿವಳಿಕೆ ತಜ್ಞೆ ಅವರನ್ನು ಗೇಲಿ ಮಾಡಿದ್ದೆಲ್ಲ ಅದರಲ್ಲಿ ಸಿಕ್ಕಿತು. 2015ರಲ್ಲಿ ಜ್ಯೂರಿ 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

ಅಗೌರವಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಒಳಮಾತೊಂದಿದೆ: ‘ಸ್ಲೋ ಕೋಡ್’. ಹೃದಯ ನಿಂತ ರೋಗಿಗೆ ಎದೆ ಒತ್ತುವುದಾದರೆ ವಯಸ್ಕರಲ್ಲಿ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಸ್ಲೋ ಕೋಡ್ ಎಂದರೆ ನಿಧಾನವಾಗಿ ಬನ್ನಿ, ಮೆಲ್ಲಗೆ ಒತ್ತಿ, ಬೇಗ ನಿಲ್ಲಿಸಿ ಎಂಬ ಸಂಕೇತ. ಬದುಕುಳಿಯುವ ಭರವಸೆಯೇ ಇಲ್ಲದ ವೃದ್ಧರ ಪಕ್ಕೆಲುಬು ಮುರಿಯುವುದೇಕೆ ಎಂಬ ಕನಿಕರದಿಂದಲೇ ಇದು ಹುಟ್ಟಿದೆ, ಅದನ್ನು ಅಲ್ಲಗಳೆಯಲಾಗದು. ಆದರೂ ಮನೆಯವರ ಕಣ್ಣಿಗೆ ಅದು ಮಣ್ಣೆರಚುವುದೇ. ‘ಹೃದಯ ನಿಂತರೆ ಎದೆ ಒತ್ತುವುದು ಬೇಡ’ ಎಂಬ ನಿರ್ಧಾರಕ್ಕೆ ಹಗಲಲ್ಲೇ, ಕೂತು, ರೋಗಿಯ ಜೊತೆ ಅಥವಾ ಮನೆಯವರ ಜೊತೆ ಮಾತಾಡಿ, ಕೇಸ್ ಶೀಟಿನಲ್ಲಿ ಬರೆದಿಡುವ ಕ್ರಮವಿದೆ. ಆ ಮಾತನ್ನು ಆಡಲು ಹಿಂಜರಿದ ಹಿರಿಯರ ಹೊರೆ ರಾತ್ರಿ 2 ಗಂಟೆಗೆ ಕಿರಿಯರ ಮೇಲೆ ಬೀಳುತ್ತದೆ. ಯಾರಾದರೂ ಸ್ಲೋ ಕೋಡ್ ಎಂದು ಪಿಸುಗುಟ್ಟಿದರೆ ಕಿರಿಯರು ಕೇಳಬೇಕಾದ ಪ್ರಶ್ನೆ: ‘ಸರ್, ಮನೆಯವರ ಜೊತೆ ಮಾತಾಡಿದ್ದೀರಾ? ಎಲ್ಲಿ ಬರೆದಿದೆ?’ ಬರೆದಿಲ್ಲವಾದರೆ ಪೂರ್ತಿ ಪ್ರಯತ್ನ ಮಾಡಬೇಕು. ಹಿರಿಯರನ್ನು ಅಲ್ಲಿಗೇ ಕರೆಸಬೇಕು.

ಬಾಯಿಮಾತು ಕೇಸ್ ಶೀಟಿಗೆ ಇಳಿದರೆ ಇನ್ನೂ ಫಜೀತಿ. ಲಂಡನ್ನಿನ ಮಕ್ಕಳ ವೈದ್ಯ ಆಡಮ್ ಫಾಕ್ಸ್ ಬ್ರಿಟಿಷ್ ಆಸ್ಪತ್ರೆಗಳ ಇಂಥ ಪದಗಳನ್ನು ಸಂಗ್ರಹಿಸಿದ್ದಾರೆ. ಅದರಲ್ಲೊಂದು ‘ಟಿ.ಟಿ.ಎಫ್.ಓ.’, ತೊಲಗಾಚೆ ಎಂದು ಬೈದು ಕಳಿಸಿದೆ ಎಂಬುದರ ಅಸಭ್ಯ ಸಂಕ್ಷೇಪ. ಅದೇನೆಂದು ನ್ಯಾಯಾಧೀಶರು ಕೇಳಿದಾಗ ಒಬ್ಬ ವೈದ್ಯರು ‘ಬಾಯಿಂದ ದ್ರವ ತೆಗೆದುಕೊಳ್ಳುವುದು’ ಎಂದು ಅವೇ ಅಕ್ಷರಗಳನ್ನು ಬಿಡಿಸಿ ಪಾರಾದರಂತೆ. ಈಗ ಅಷ್ಟು ಸುಲಭವಲ್ಲ. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ರೋಗಿಗಳು ತಮ್ಮ ಬಗ್ಗೆ ಬರೆದ ಟಿಪ್ಪಣಿಯನ್ನು ತಡವಿಲ್ಲದೆ ಫೋನಿನಲ್ಲೇ ಓದಬಹುದು.

ಕಂಪ್ಯೂಟರ್ ದಾಖಲೆಯಲ್ಲಿ ಇನ್ನೊಂದು ಪೀಡೆಯಿದೆ: ನಿನ್ನೆಯ ಟಿಪ್ಪಣಿಯನ್ನು ಕಾಪಿ ಮಾಡಿ ಇವತ್ತಿಗೆ ಅಂಟಿಸುವುದು. ಒಮ್ಮೆ ‘ಔಷಧಿ ಚಟ’ ಎಂದು ಬಿದ್ದರೆ ಯಾರೂ ಪರೀಕ್ಷಿಸದೆಯೇ ಅದು ವರ್ಷಗಟ್ಟಲೆ ಜೊತೆಗೇ ಬರುತ್ತದೆ. ಇಂಥದ್ದು ಕಣ್ಣಿಗೆ ಬಿದ್ದರೆ ಅಳಿಸಲು ಹೋಗಬಾರದು, ಅದು ದಾಖಲೆ ತಿದ್ದಿದಂತಾಗುತ್ತದೆ. ದಿನಾಂಕ, ಸಮಯ, ಹೆಸರು ಹಾಕಿ ಕೆಳಗೆ ಸೇರಿಸಬೇಕು: ‘ಈ ಹಿಂದಿನ ನಮೂದಿಗೆ ಆಧಾರವಾದ ಪರೀಕ್ಷೆ ದಾಖಲೆಯಲ್ಲಿ ಸಿಗಲಿಲ್ಲ. ಇಂದು ವಿಚಾರಿಸಲಾಗಿದೆ. ಸೂಚಿಸಿದ ಡೋಸ್ ಮೀರಿ ಬಳಸುತ್ತಿಲ್ಲ.’ ಆಮೇಲೆ ಸಮಸ್ಯೆಗಳ ಪಟ್ಟಿಯಲ್ಲೂ ಆ ನಮೂದನ್ನು ಇನ್ನು ಚಾಲ್ತಿಯಲ್ಲಿಲ್ಲ ಎಂದು ಗುರುತು ಮಾಡಬೇಕು. ಮುಂದಿನವರು ಅವಸರದಲ್ಲಿ ತೆರೆದು ನೋಡುವುದು ಆ ಪಟ್ಟಿಯನ್ನೇ.