ಬೆಳಗಿನ ಜಾವದ ಕನಸಿಗೆ ಯಾಕಿಷ್ಟು ಬೆಲೆ?

ಬೆಳಗಿನ ಜಾವ ಬಿದ್ದ ಕನಸು ನಿಜ ಆಗುತ್ತೆ ಅಂತ ಮಂಡ್ಯ ಕಡೆಯ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ಹಲ್ಲು ಉದುರಿದ ಹಾಗೆ ಕಂಡರೆ ಮನೆಯಲ್ಲೊಂದು ಸಾವು, ಮದುವೆ ಕಂಡರೂ ಕೆಡುಕೇ. ಇತ್ತ ಮೈಸೂರಿನ ಹಾಸ್ಟೆಲ್ ಹುಡುಗರು ಅದೇ ಹೊತ್ತಿಗೆ ಅಲಾರಾಂ ಇಟ್ಟುಕೊಂಡು, ಕನಸಿನೊಳಗೇ 'ಇದು ಕನಸು' ಅಂತ ಅರಿಯೋಕೆ ನೋಡುತ್ತಾರೆ. ಇದಕ್ಕೆ ಲೂಸಿಡ್ ಡ್ರೀಮಿಂಗ್ ಅಂತ ಹೆಸರು. ಇಬ್ಬರೂ ಅದೇ ಹೊತ್ತನ್ನು ಹಿಡಿದಿರುವುದು ಸುಮ್ನೆ ಅಲ್ಲ.

ಹಳೆಯ ಕಾಲದವರು ಕನಸನ್ನೆಲ್ಲ ಕಣ್ಣುಮುಚ್ಚಿ ನಂಬಿದ್ದರು ಅಂದುಕೊಳ್ಳಬೇಡಿ. ಚರಕ ಸಂಹಿತೆ ಕನಸುಗಳಲ್ಲಿ ಏಳು ಬಗೆ ಹೇಳುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಕನಸಾಗಿ ಬಂದರೆ ಫಲವಿಲ್ಲ ಅಂತ ಐದನ್ನು ಅಲ್ಲೇ ತಳ್ಳಿಹಾಕುತ್ತದೆ. ಉಳಿದವು ಎರಡು: ಮುಂದಾಗುವುದನ್ನು ಹೇಳುವುದು ಮತ್ತು ವಾತ, ಪಿತ್ತ, ಕಫ ಕೆಟ್ಟು ಬೀಳುವುದು. ಮೊದಲ ಜಾವದ ಕನಸಿಗೆ ಫಲ ಕಡಿಮೆ, ಕನಸು ಕಂಡ ಮೇಲೆ ಮತ್ತೆ ನಿದ್ದೆ ಹೋಗದಿದ್ದರೆ ಫಲ ಜಾಸ್ತಿ ಅಂತಲೂ ಇದೆ. ಕನಸಿನ ಫಲ ಹೇಳುವ ಇಂದಿನ ಪಟ್ಟಿಗಳಲ್ಲಿ ಆ ಐದರ ಸುದ್ದಿಯೇ ಇರುವುದಿಲ್ಲ.

ಮನಶ್ಶಾಸ್ತ್ರದ ಕಡೆ 1900ರಲ್ಲಿ ಫ್ರಾಯ್ಡ್ ಕನಸಿನಲ್ಲಿ ಅದುಮಿಟ್ಟ ಆಸೆ ಕಂಡರು. 1977ರಲ್ಲಿ ಹಾಬ್ಸನ್ ಮತ್ತು ಮೆಕಾರ್ಲಿ ಬಂದು, ಮಿದುಳಿನ ಬುಡದಿಂದ ಏಳುವ ಸಂಕೇತಗಳಿಗೆ ಮಿದುಳೇ ಕಥೆ ಹೊಲಿಯುತ್ತದೆ ಅಂದರು. ನನಗೆ ಇವೆರಡಕ್ಕಿಂತ ಮುಖ್ಯ ಅನಿಸುವುದು 1953ರಲ್ಲಿ ಗೊತ್ತಾದ ಸಂಗತಿ. ನಿದ್ದೆಯಲ್ಲಿ ರೆಪ್ಪೆಯೊಳಗೆ ಕಣ್ಣು ಪಟಪಟ ಓಡಾಡುವ ಒಂದು ಹಂತವಿದೆ. ಅದೇ ರೆಮ್ ನಿದ್ದೆ. ಸುಮಾರು ಒಂದೂವರೆ ಗಂಟೆಗೊಮ್ಮೆ ಬರುತ್ತದೆ. ರಾತ್ರಿಯ ಮೊದಲ ಸುತ್ತಿನಲ್ಲಿ ಹತ್ತು ನಿಮಿಷವೂ ಇರುವುದು ಕಷ್ಟ, ಬೆಳಗಾಗುತ್ತ ಅರ್ಧ ಗಂಟೆ ದಾಟುತ್ತದೆ. ಹಾಗಾಗಿ ಉದ್ದನೆಯ, ಕಣ್ಣಿಗೆ ಕಟ್ಟುವ ಕನಸುಗಳು ಬೆಳಗಿನ ಜಾವಕ್ಕೇ ಜಾಸ್ತಿ. ಅದರ ನಡುವೆಯೇ ಎಚ್ಚರವಾಗುವುದರಿಂದ ನೆನಪೂ ಉಳಿಯುತ್ತದೆ. ನೆನಪಿದ್ದ ಕನಸು ತಾನೇ ಮುಂದೆ 'ನಿಜವಾಯ್ತು' ಅನಿಸಿಕೊಳ್ಳೋದು? ಮಧ್ಯರಾತ್ರಿಯದನ್ನು ಕೇಳುವವರೇ ಇಲ್ಲ.

ಕನಸಿನೊಳಗೇ ಕನಸೆಂದು ಅರಿಯಬಹುದು ಅನ್ನುವುದಕ್ಕೆ ಸಾಕ್ಷಿ ಸಿಕ್ಕಿದ್ದು 1975ರ ಏಪ್ರಿಲ್ 12ರ ಬೆಳಗ್ಗೆ, ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ. ರೆಮ್ ಹಂತದಲ್ಲಿ ಕೈಕಾಲು ಮರಗಟ್ಟಿರುತ್ತವೆ, ಕಣ್ಣು ಮಾತ್ರ ಆಡುತ್ತದೆ. ಕನಸೆಂದು ಗೊತ್ತಾದ ಕೂಡಲೇ ಕಣ್ಣನ್ನು ಎಡ-ಬಲ ಆಡಿಸಬೇಕು ಅಂತ ಸಂಶೋಧಕ ಕೀತ್ ಹರ್ನ್ ಮೊದಲೇ ಹೇಳಿಟ್ಟಿದ್ದರು. ಮಲಗಿದ್ದ ಅಲನ್ ವರ್ಸ್ಲಿ ಹಾಗೇ ಮಾಡಿದರು, ಯಂತ್ರದ ಕಾಗದದ ಮೇಲೆ ಅದು ಗೆರೆಯಾಗಿ ಮೂಡಿತು. 2021ರಲ್ಲಿ ನಾಲ್ಕು ದೇಶಗಳ ಪ್ರಯೋಗಾಲಯಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಿದ್ದೆಯಲ್ಲಿದ್ದವರಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಅಂತ ಕೇಳಿದವು. ಕಣ್ಣು ಎರಡು ಸಲ ಆಡಿತು. ಆದರೆ ಇಂಥ ಪ್ರಶ್ನೆ ಕೇಳಿದ ಐದು ಸಲಕ್ಕೆ ಸುಮಾರು ಒಂದು ಸಲ ಮಾತ್ರ ಸರಿ ಉತ್ತರ ಬಂದಿತ್ತು ಅನ್ನುವುದನ್ನು ಇದರ ಬಗ್ಗೆ ಬರುವ ವಿಡಿಯೊಗಳಲ್ಲಿ ಹೇಳುವುದಿಲ್ಲ.

ಕನಸಿನೊಳಗಿನ ಅರಿವು ಟಿಬೆಟನ್ನರಿಗೆ ಹೊಸದಲ್ಲ. ನಮ್ಮ ಪಿರಿಯಾಪಟ್ಟಣದ ಪಕ್ಕದ ಬೈಲಕುಪ್ಪೆಯಲ್ಲಿ ನೆಲೆಸಿದವರ ಪರಂಪರೆಯಲ್ಲಿ ಇದು ಬೌದ್ಧ ಸಿದ್ಧ ನಾರೋಪನ ಆರು ಯೋಗಗಳಲ್ಲೊಂದು. ಹಗಲಿಡೀ 'ಇದೂ ಕನಸೇ' ಅಂದುಕೊಳ್ಳುತ್ತಾರೆ, ಬಲಮಗ್ಗುಲಲ್ಲಿ ಮಲಗುತ್ತಾರೆ. ಕನಸಿನಲ್ಲಿ ಬೆಂಕಿ ಕಂಡರೆ ನೀರಾಗಿಸುವ ಅಭ್ಯಾಸವಿದೆ. ಹಾರಾಡಿ ಮಜಾ ಮಾಡೋದು ಗುರಿಯಲ್ಲ. ಎಚ್ಚರದ ಲೋಕವೂ ಕನಸಿನಷ್ಟೇ ಟೊಳ್ಳು ಅಂತ ಕಾಣುವುದು ಗುರಿ.

ನನ್ನ ತಂಗಿ ಮಗ ಕಳೆದ ವರ್ಷ ಈ ಲೂಸಿಡ್ ಡ್ರೀಮಿಂಗಿಗೆ ಇಳಿದ. ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಏಳುತ್ತಿದ್ದ. ಅರ್ಧ ಗಂಟೆ ಕೂತು ಆಗತಾನೇ ಬಿದ್ದ ಕನಸನ್ನು ಬರೆದು, 'ಮತ್ತೆ ಕನಸು ಬಿದ್ದಾಗ ಕನಸೆಂದು ನೆನಪಾಗಲಿ' ಅಂತ ಹೇಳಿಕೊಳ್ಳುತ್ತ ಮಲಗುತ್ತಿದ್ದ. ಎರಡನೇ ವಾರ ಮಂಡ್ಯ ರೈಲ್ವೆ ಸ್ಟೇಷನ್ನಿನ ಕನಸು. ಬೋರ್ಡಿನಲ್ಲಿ 'ಮಂಡ್ಯ' ಅಂತಿತ್ತು. ಅತ್ತ ತಿರುಗಿ ಮತ್ತೆ ನೋಡಿದರೆ 'ಮದ್ದೂರು', ಮೂರನೇ ಸಲ ಬರೀ ಗೀಚು. ಕನಸಿನಲ್ಲಿ ಬರಹ ನಿಲ್ಲುವುದಿಲ್ಲ, ಅದೇ ಗುರುತು. ಗೊತ್ತಾದ ಖುಷಿಗೆ ಎಚ್ಚರವೇ ಆಯಿತು. ಹೊಸಬರಿಗೆ ಆಗುವುದೇ ಹೀಗೆ. ಎಚ್ಚರವಾಗುವ ಹಾಗಾದಾಗ ಕನಸಿನ ಕೈಗಳನ್ನು ಉಜ್ಜಬೇಕಂತೆ, ಕನಸು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ.

ಮೂರನೇ ವಾರ ಬೇರೆಯದೇ ಆಯಿತು. ಕಣ್ಣು ತೆರೆದಿದೆ, ಕೈ ಎತ್ತಲಾಗುತ್ತಿಲ್ಲ, ಎದೆಯ ಮೇಲೆ ಯಾರೋ ಕೂತ ಹಾಗೆ. ರೆಮ್ಮಿನ ಮರಗಟ್ಟುವಿಕೆ ಎಚ್ಚರವಾದ ಮೇಲೂ ಬಿಡದಿದ್ದರೆ ಹೀಗಾಗುತ್ತದೆ. ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ. ನಿದ್ದೆ ಕೆಡಿಸಿಕೊಂಡವರಿಗೆ ಇದು ಜಾಸ್ತಿ. ಅವರಜ್ಜಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದು ಸರಿ ಕಣಪ್ಪ" ಅಂದು ಅವನ ದಿಂಬಿನ ಕೆಳಗೆ ಚಾಕು ಇಟ್ಟರು. ಚಾಕು ಇನ್ನೂ ಅಲ್ಲೇ ಇದೆ. ಅಲಾರಾಂ ಆರು ಗಂಟೆಗೆ ಹೋಗಿದೆ.