ಅಲುಗದ ಆಸ್ಪತ್ರೆ: ಬೇರಿಂಗ್ ಮತ್ತು ಡ್ಯಾಂಪರ್ ಮಾಡುವ ಕೆಲಸ

ಭೂಕಂಪದಲ್ಲಿ ಕಟ್ಟಡ ಬೀಳಲಿಲ್ಲ ಅಂದರೆ ಸಾಕು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಮನೆಗೆ ಅದು ಸಾಕಾಗಬಹುದು, ಆಸ್ಪತ್ರೆಗೆ ಸಾಲದು. ಇದು ಚೆನ್ನಾಗಿ ಗೊತ್ತಾಗಿದ್ದು 1994ರ ಜನವರಿ 17ರಂದು, ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಡ್ಜ್ ಭೂಕಂಪದಲ್ಲಿ.

ಅಲ್ಲಿನ ಆಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾಗಿತ್ತು. ಹಾಗಾಗಿ ಅದನ್ನು ತುಂಬಾ ಗಟ್ಟಿಯಾಗಿ, ಉಕ್ಕಿನ ಗೋಡೆಗಳನ್ನು ಹಾಕಿ ಮತ್ತೆ ಕಟ್ಟಿದ್ದರು. 1994ರಲ್ಲಿ ಅದರ ಬಳಿ ನೆಲದ ಅಲುಗಾಟ 0.91 ಜಿ ಇತ್ತು. ಒಂದು ಜಿ ಅಂದರೆ ಕೈಬಿಟ್ಟ ವಸ್ತು ಕೆಳಗೆ ಬೀಳುವಾಗಿನ ವೇಗೋತ್ಕರ್ಷ. ಮೇಲ್ಛಾವಣಿಗೆ ತಲುಪುವಷ್ಟರಲ್ಲಿ ಆ ಅಲುಗಾಟ 2.3 ಜಿ ದಾಟಿತ್ತು. ಕಟ್ಟಡದ ಚೌಕಟ್ಟಿಗೆ ದೊಡ್ಡ ಪೆಟ್ಟೇನೂ ಆಗಲಿಲ್ಲ. ಆದರೆ ಒಳಗೆ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪುಗಳು ಒಡೆದು ನೀರು ನುಗ್ಗಿತು. ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು.

ಅದೇ ನಗರದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯೂ ಇತ್ತು. ಭೂಕಂಪದ ಕೇಂದ್ರದಿಂದ ದೂರವಿದ್ದುದರಿಂದ ಅಲ್ಲಿ ನೆಲದ ಅಲುಗಾಟವೇ ಕಡಿಮೆ ಇತ್ತು, ಅದನ್ನು ಮರೆಯಬಾರದು. ನೋಡಬೇಕಾದ್ದು ಅನುಪಾತವನ್ನು. ಅಡಿಪಾಯದಲ್ಲಿ 0.37 ಜಿ, ಮೇಲ್ಛಾವಣಿಯಲ್ಲಿ ಬರೀ 0.21 ಜಿ. ಒಂದು ಕಡೆ ಅಲುಗಾಟ ಮೇಲೆ ಹೋಗುತ್ತಾ ಎರಡೂವರೆ ಪಟ್ಟಾಯಿತು, ಇನ್ನೊಂದು ಕಡೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಈ ಆಸ್ಪತ್ರೆಯ ಕೆಲಸ ನಿಲ್ಲಲಿಲ್ಲ.

ಕಾರಣ, ಅದರ ಕಂಬಗಳ ಕೆಳಗಿದ್ದ ರಬ್ಬರ್ ಬೇರಿಂಗ್‌ಗಳು. ಕಡಿಮೆ ಎತ್ತರದ ಕಟ್ಟಡ ಒಮ್ಮೆ ಆ ಕಡೆ ಹೋಗಿ ಈ ಕಡೆ ಬರಲು ಸಾಮಾನ್ಯವಾಗಿ ಅರ್ಧ ಸೆಕೆಂಡ್ ಆಸುಪಾಸು ಸಾಕು. ಗಟ್ಟಿ ನೆಲದಲ್ಲಿ ಭೂಕಂಪದ ಜೋರು ಇರುವುದೂ ಆ ಲಯದಲ್ಲೇ. ಎರಡೂ ಕೂಡಿದಾಗ ಅಲುಗಾಟ ಬೆಳೆಯುತ್ತಾ ಹೋಗುತ್ತದೆ. ಬೇರಿಂಗ್ ಹಾಕಿದರೆ ಕಟ್ಟಡದ ಲಯ ಎರಡು ಮೂರು ಸೆಕೆಂಡಿಗೆ ನಿಧಾನವಾಗುತ್ತದೆ. ಆಗ ನೆಲ ಬೇಗ ಬೇಗ ಅಲುಗಿದರೂ ಮೇಲಿನ ಕಟ್ಟಡ ಹೆಚ್ಚುಕಡಿಮೆ ಒಂದೇ ತುಂಡಾಗಿ ನಿಧಾನಕ್ಕೆ ಸರಿಯುತ್ತದೆ. ಇದೇ ಬೇಸ್ ಐಸೊಲೇಶನ್.

ಬೇರಿಂಗ್‌ನಲ್ಲಿ ರಬ್ಬರ್ ಪದರ, ಉಕ್ಕಿನ ತಗಡು ಒಂದರ ಮೇಲೊಂದು ಅಂಟಿರುತ್ತವೆ. ಅದಕ್ಕೇ ಅದು ಭಾರ ಹೊರುವಾಗ ಗಟ್ಟಿ, ಅಡ್ಡಕ್ಕೆ ಮೆದು. ಎಷ್ಟೋ ಬೇರಿಂಗ್‌ಗಳ ನಡುವೆ ಸೀಸದ ಒಂದು ಕಂಬವನ್ನೂ ಕೂರಿಸುತ್ತಾರೆ. ಇದು ನ್ಯೂಜಿಲೆಂಡಿನ ಬಿಲ್ ರಾಬಿನ್ಸನ್ ಅವರ ಕೊಡುಗೆ. ಗಾಳಿಗೆ ಕಟ್ಟಡ ಓಲಾಡದಂತೆ ಸೀಸ ಹಿಡಿದಿಡುತ್ತದೆ. ಭೂಕಂಪ ಬಂದಾಗ ತಾನು ನುಲಿದು, ಆ ಶಕ್ತಿಯನ್ನು ಶಾಖವಾಗಿಸಿ ಕಳೆಯುತ್ತದೆ. ಆಮೇಲೆ ಮಾಮೂಲಿ ಉಷ್ಣಾಂಶದಲ್ಲೇ ಅದರ ಹರಳುಗಳು ಮತ್ತೆ ಕೂಡಿಕೊಂಡು ಸೀಸ ಮೊದಲಿನಂತಾಗುತ್ತದೆ. 2001ರ ಭೂಕಂಪದಲ್ಲಿ ಭುಜ್‌ನ ಆಸ್ಪತ್ರೆ ಕುಸಿದ ಮೇಲೆ ಅಲ್ಲಿ ಕಟ್ಟಿದ ಹೊಸ ಆಸ್ಪತ್ರೆಗೂ ಇಂಥ ಬೇರಿಂಗ್‌ಗಳನ್ನೇ ಹಾಕಿದ್ದಾರೆ. ಹಳೇ ಕಟ್ಟಡಗಳಿಗೂ ಇದನ್ನು ಕೂರಿಸಬಹುದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಕಲ್ಲಿನ ಪುರಭವನದ ಕೆಳಗೆ 1980ರ ದಶಕದಲ್ಲಿ ಹಾಗೆ ಮಾಡಿದರು.

ಇದಕ್ಕೆ ತೆರಬೇಕಾದ ಬೆಲೆ ಜಾಗ. ಅಲುಗಾಟವೆಲ್ಲ ಬೇರಿಂಗ್ ಇರುವ ಮಟ್ಟಕ್ಕೆ ಬರುವುದರಿಂದ ಕಟ್ಟಡ ಸುತ್ತಲೂ ಒಂದಡಿ, ಕೆಲವೊಮ್ಮೆ ಇನ್ನೂ ಜಾಸ್ತಿ ಸರಿಯಬಹುದು. ಅಷ್ಟು ಸಂದು ಖಾಲಿಯೇ ಇರಬೇಕು. ನೀರು, ಗ್ಯಾಸ್, ಕರೆಂಟಿನ ಸಾಲುಗಳು ಆ ಸಂದು ದಾಟುವ ಕಡೆ ಬಾಗುವ ಜೋಡಣೆ ಬೇಕು. ಕಟ್ಟಡ ನಿಂತು ವರ್ಷಗಳಾದ ಮೇಲೆ ಇದು ಯಾರಿಗೂ ನೆನಪಿರುವುದಿಲ್ಲ ಅನ್ನುವುದೇ ನನ್ನ ದೊಡ್ಡ ಚಿಂತೆ. ನಾರ್ತ್‌ರಿಡ್ಜ್‌ನಲ್ಲೇ ಇದಕ್ಕೆ ಉದಾಹರಣೆ ಇದೆ. ಅಗ್ನಿಶಾಮಕ ದಳದ ನಿಯಂತ್ರಣ ಕೇಂದ್ರಕ್ಕೂ ಬೇರಿಂಗ್ ಇತ್ತು. ಆದರೆ ಬಾಗಿಲ ಬಳಿ ಸಂದಿಗೆ ಅಡ್ಡವಾಗಿ ಟೈಲ್ಸ್ ಕೂರಿಸಿದ್ದರು. ಕಟ್ಟಡ ಅದಕ್ಕೆ ಬಡಿಯಿತು, ಆ ದಿಕ್ಕಿನಲ್ಲಿ ಅಲುಗಾಟ ಜೋರಾಯಿತು. ಹಾಗಾಗಿ ಇಂಥ ಕಟ್ಟಡವನ್ನು ಪರೀಕ್ಷಿಸುವಾಗ ಬೇರಿಂಗ್ ನೋಡುವ ಮೊದಲು ಸುತ್ತಲೂ ನಡೆದು ಸಂದು ನೋಡಬೇಕು. ರ‍್ಯಾಂಪ್, ಸಿಮೆಂಟ್, ಪೇರಿಸಿಟ್ಟ ಸಾಮಾನು, ಏನಿದ್ದರೂ ತೆಗೆಸಬೇಕು.

ಎಲ್ಲ ಕಡೆ ಬೇರಿಂಗ್ ಹೊಂದುವುದಿಲ್ಲ. ಗಗನಚುಂಬಿಯ ಲಯ ಮೊದಲೇ ನಿಧಾನ, ಇನ್ನೂ ನಿಧಾನ ಮಾಡಿದರೆ ಸಿಗುವ ಲಾಭ ಕಡಿಮೆ. ಮೆಕ್ಸಿಕೊ ನಗರದ ಹಳೇ ಕೆರೆಯ ಮೆದು ಮಣ್ಣಿನಂಥ ಕಡೆ ನೆಲವೇ ಎರಡು ಸೆಕೆಂಡಿನ ಲಯದಲ್ಲಿ ಅಲುಗುತ್ತದೆ. ಅಲ್ಲಿ ಕಟ್ಟಡವನ್ನು ಅದೇ ಲಯಕ್ಕೆ ತಂದರೆ ಕೆಡುಕೇ ಆಗುತ್ತದೆ. ಆ ನಗರದ 55 ಮಹಡಿಯ ಟೊರ್ರೆ ಮಯೊರ್‌ಗೆ ಹಾಕಿರುವುದು 98 ದ್ರವ ಡ್ಯಾಂಪರ್. ಬೈಕಿನ ಶಾಕ್ ಅಬ್ಸಾರ್ಬರ್‌ನಂತೆ ಇಲ್ಲೂ ಸಿಲಿಂಡರಿನೊಳಗೆ ಪಿಸ್ಟನ್ ಓಡಾಡುತ್ತದೆ. ಸಣ್ಣ ತೂತುಗಳಲ್ಲಿ ನುಗ್ಗುವ ದ್ರವ ಬಿಸಿಯಾಗುತ್ತದೆ, ಅಲುಗಾಟದ ಶಕ್ತಿ ಆ ಬಿಸಿಯಲ್ಲಿ ಕಳೆದುಹೋಗುತ್ತದೆ.

ಆದರೆ ಡ್ಯಾಂಪರ್ ಕೆಲಸ ಮಾಡಬೇಕಾದರೆ ಒಂದು ಮಹಡಿ ಇನ್ನೊಂದರಿಂದ ಪಕ್ಕಕ್ಕೆ ಸರಿಯಲೇಬೇಕು. ಉಕ್ಕಿನ ಚೌಕಟ್ಟಿನ ಕಟ್ಟಡ ಅಷ್ಟು ಸರಿಯುತ್ತದೆ. ಎಲ್ಲ ಕಡೆ ಕಾಂಕ್ರೀಟ್ ಗೋಡೆ ಎರಕ ಹೊಯ್ದ ಅಪಾರ್ಟ್‌ಮೆಂಟ್ ಹೆಚ್ಚೇನೂ ಸರಿಯುವುದಿಲ್ಲ, ಪಿಸ್ಟನ್ ಸುಮ್ನೆ ಕೂತಿರುತ್ತದೆ. ಯಾರಾದರೂ ಡ್ಯಾಂಪರ್ ಹಾಕಿಸಿ ಅಂದರೆ, ದೊಡ್ಡ ಭೂಕಂಪದಲ್ಲಿ ಈ ಕಟ್ಟಡದ ಒಂದೊಂದು ಮಹಡಿ ಎಷ್ಟು ಮಿಲಿಮೀಟರ್ ಸರಿಯುತ್ತದೆ ಎಂದು ಮೊದಲು ಕೇಳಿ. ಲೆಕ್ಕ ತೋರಿಸಿದ ಮೇಲೆ ದರದ ಮಾತು.